ಮಿನಿಮಮ್ ಬ್ಯಾಲೆನ್ಸ್ ದಂಡ ತಪ್ಪಾಗಿ ಬಿದ್ದರೆ ಏನು ಮಾಡಬೇಕು?

ಓದುಗರ ಪ್ರಶ್ನೆ: ಖಾತೆಯಲ್ಲಿ ದುಡ್ಡು ಇದ್ದರೂ ‘ಮಿನಿಮಮ್ ಬ್ಯಾಲೆನ್ಸ್ ಇಲ್ಲ’ ಅಂತ ಬ್ಯಾಂಕಿನವರು ದಂಡ ಹಿಡಿದಿದ್ದಾರೆ. ಕೇಳಿದರೆ ಸಿಸ್ಟಮ್ ಹಿಡಿದಿದ್ದು ಅಂತಾರೆ. ವಾಪಸ್ ಸಿಗುತ್ತಾ?

ಸಿಗುತ್ತದೆ, ಲೆಕ್ಕ ನಿಮ್ಮ ಪರವಾಗಿದ್ದರೆ. ಹೇಗೆ ಅನ್ನುವುದನ್ನು ಒಂದು ಸಣ್ಣ ಕಥೆಯಾಗಿಯೇ ಹೇಳುತ್ತೇನೆ.

ಒಬ್ಬರು ನಿವೃತ್ತ ಟೀಚರ್. ಪಿಂಚಣಿ ಒಂದು ಬ್ಯಾಂಕಿಗೆ ಬರುತ್ತದೆ. ಸಂಬಳದ ಕಾಲದ ಹಳೇ ಖಾತೆ ಇನ್ನೊಂದರಲ್ಲಿದೆ. ಮೊದಲು ನಗರದಲ್ಲಿದ್ದ ಆ ಖಾತೆಯನ್ನು ಈಗಿನ ಸಣ್ಣ ಊರಿನ ಶಾಖೆಗೆ ವರ್ಗ ಮಾಡಿಸಿಕೊಂಡಿದ್ದರು. ಒಂದು ದಿನ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಮೂರು ತಿಂಗಳು ಸತತವಾಗಿ 236 ರೂಪಾಯಿ ಕಡಿತವಾಗಿದ್ದು ಕಂಡಿತು. 200 ದಂಡ, ಅದರ ಮೇಲೆ 36 ರೂಪಾಯಿ ಜಿಎಸ್‌ಟಿ. ಒಟ್ಟು 708.

‘ಸಿಸ್ಟಮ್ ತಾನಾಗೇ ಹಿಡಿಯುತ್ತೆ ಮೇಡಂ, ನಾವೇನೂ ಮಾಡೋಕಾಗಲ್ಲ’ ಅಂದರು ಕೌಂಟರ್‌ನಲ್ಲಿ. ಟೀಚರ್ ವಾದ ಮಾಡಲಿಲ್ಲ. ಗೋಡೆಯ ಮೇಲಿದ್ದ ಶುಲ್ಕದ ಪಟ್ಟಿಯ ಫೋಟೊ ತೆಗೆದುಕೊಂಡು ಬಂದರು. ಆ ಶಾಖೆಗೆ ಬೇಕಾಗಿದ್ದು ತಿಂಗಳಿಗೆ ಸರಾಸರಿ 2,000 ರೂಪಾಯಿ.

ಹೆಚ್ಚಿನವರು ಎಡವುವುದು ಈ ‘ಸರಾಸರಿ’ಯಲ್ಲೇ. ದಿನಾ 2,000 ಇರಲೇಬೇಕು ಅಂತಲ್ಲ. ಪ್ರತಿ ದಿನದ ಕೊನೆಯ ಬ್ಯಾಲೆನ್ಸ್ ಕೂಡಿಸಿ ತಿಂಗಳ ದಿನಗಳಿಂದ ಭಾಗಿಸಬೇಕು. ಜೂನ್‌ನಲ್ಲಿ ಅವರ ಖಾತೆಯಲ್ಲಿ ಮೊದಲ 10 ದಿನ 5,000 ಇತ್ತು. 11ಕ್ಕೆ ಚೆಕ್ ಹೋಗಿ, ಉಳಿದ 20 ದಿನ 600 ಇತ್ತು. ಅಂದರೆ 50,000 ಮತ್ತು 12,000, ಒಟ್ಟು 62,000. ಅದನ್ನು 30ರಿಂದ ಭಾಗಿಸಿದರೆ 2,066 ರೂಪಾಯಿ ಚಿಲ್ಲರೆ. ಕಡಿಮೆ ಬಿದ್ದೇ ಇಲ್ಲ! ಉಳಿದ ಎರಡು ತಿಂಗಳ ಸರಾಸರಿಯೂ 2,000 ದಾಟಿತ್ತು.

ಈ ಲೆಕ್ಕವನ್ನೇ ಬರೆದು ಶಾಖಾ ವ್ಯವಸ್ಥಾಪಕರಿಗೆ ಒಂದು ಪುಟದ ಪತ್ರ ಕೊಟ್ಟರು. ಜೊತೆಗೆ ಪಾಸ್‌ಬುಕ್ಕಿನ ಜೆರಾಕ್ಸ್ ಮತ್ತು ಪಟ್ಟಿಯ ಫೋಟೊ. ಪತ್ರದ ಎರಡನೇ ಪ್ರತಿಗೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡರು. ಈ ಸೀಲು ಇಲ್ಲದಿದ್ದರೆ ಪತ್ರ ಕೊಟ್ಟಿದ್ದಕ್ಕೆ ಪುರಾವೆ ಇಲ್ಲ, ಹಾಗಾಗಿ ಸಂಕೋಚ ಬೇಡ.

ಪತ್ರದ ಬಲವೆಲ್ಲ ಕೊನೆಯಲ್ಲಿದ್ದ ಎರಡು ಪ್ರಶ್ನೆಗಳಲ್ಲಿತ್ತು. ‘ನೀವು ಎಷ್ಟು ಮಿನಿಮಮ್ ಇಟ್ಟುಕೊಂಡು ಲೆಕ್ಕ ಹಾಕಿದ್ದೀರಿ? ದಂಡಕ್ಕೆ ಮೊದಲು ಯಾವ ದಿನಾಂಕದಂದು, ಯಾವ ನಂಬರಿಗೆ ನನಗೆ ಸೂಚನೆ ಕಳಿಸಿದ್ದೀರಿ?’

ಎರಡನೆಯದು ಸುಮ್ನೆ ಕೇಳಿದ್ದಲ್ಲ. 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ಸೂಚನೆಯ ಪ್ರಕಾರ, ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡವೂ ಎಷ್ಟು ಕಡಿಮೆ ಬಿದ್ದಿದೆಯೋ ಅದಕ್ಕೆ ತಕ್ಕಷ್ಟೇ ಇರಬೇಕು. ದಂಡ ಹಿಡಿದು ಹಿಡಿದು ಖಾತೆಯನ್ನು ಮೈನಸ್‌ಗೆ ಇಳಿಸುವಂತಿಲ್ಲ.

ಬಂದ ಉತ್ತರ ಮೂರೇ ಸಾಲಿನದು: 3,000 ಮಿನಿಮಮ್ ಪ್ರಕಾರ ಶುಲ್ಕ ಸರಿಯಾಗಿದೆ. ಸೂಚನೆಯ ಮಾತೇ ಇಲ್ಲ. ಬೇರೆ ಯಾರಾದರೂ ಇಲ್ಲಿಗೆ ಬಿಟ್ಟುಬಿಡುತ್ತಿದ್ದರು, ಅಲ್ವಾ? ಟೀಚರಿಗೆ ಆ ಉತ್ತರದಲ್ಲೇ ತಪ್ಪು ಸಿಕ್ಕಿತು. 3,000 ನಗರದ ಶಾಖೆಗಳ ಮಿತಿ. ಖಾತೆ ಊರಿಗೆ ಬಂದರೂ ಕಂಪ್ಯೂಟರಿನಲ್ಲಿ ನಗರದ ಖಾತೆ ಅನ್ನುವ ಹಳೇ ವರ್ಗವೇ ಉಳಿದುಬಿಟ್ಟಿತ್ತು.

ಎರಡನೇ ಪತ್ರದಲ್ಲಿ ಅದನ್ನಷ್ಟೇ ತೋರಿಸಿದರು. ವರ್ಗಾವಣೆಯಾದ ದಿನಾಂಕ, ಬ್ಯಾಂಕೇ ಬರೆದ ಉತ್ತರದ ಪ್ರತಿ, ಪಟ್ಟಿಯ ಫೋಟೊ. ಜಿಎಸ್‌ಟಿ ಸೇರಿಸಿ 708 ರೂಪಾಯಿ ವಾಪಸ್ ಬೇಕು, ಖಾತೆಯ ವರ್ಗವೂ ಸರಿಯಾಗಬೇಕು ಅಂತ ಬರೆದರು. ವರ್ಗ ಸರಿಯಾಗದಿದ್ದರೆ ಮುಂದಿನ ತಿಂಗಳು ಮತ್ತೆ ದಂಡ ಬೀಳುತ್ತದೆ. ಇದನ್ನು ಕೇಳಲು ಜಾಸ್ತಿ ಜನ ಮರೆಯುತ್ತಾರೆ. ಕೊನೆಗೆ ಒಂದು ಸಾಲು: ‘ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ.’ ಬೈಗುಳ ಇಲ್ಲ, ಬೆದರಿಕೆ ಇಲ್ಲ. ಎರಡು ವಾರದಲ್ಲಿ 708 ರೂಪಾಯಿ ಖಾತೆಗೆ ಜಮೆ ಆಯಿತು.

ಓಂಬುಡ್ಸ್‌ಮನ್ ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ. ಅವರ ಹತ್ತಿರ ನೇರವಾಗಿ ಹೋಗಲು ಆಗುವುದಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿರಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿಸಿದರೆ, cms.rbi.org.in ನಲ್ಲಿ ದೂರು ಹಾಕಬಹುದು. ಶುಲ್ಕ ಇಲ್ಲ. ಸೀಲು ಹಾಕಿದ ಆ ಪ್ರತಿ ಇಲ್ಲೂ ಕೆಲಸಕ್ಕೆ ಬರುತ್ತದೆ.

ಸರಾಸರಿ ನಿಜಕ್ಕೂ ಕಡಿಮೆಯಿದ್ದು, ಸೂಚನೆಯೂ ಬಂದಿದ್ದರೆ ಪತ್ರದಿಂದ ದುಡ್ಡು ವಾಪಸ್ ಬರುವ ಖಾತ್ರಿ ಇಲ್ಲ. ಆಗ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಿಕೊಡಿ ಅಂತ ಕೇಳಿ. ಅದಕ್ಕೆ ಮಿನಿಮಮ್ ಬ್ಯಾಲೆನ್ಸೇ ಬೇಡ. ಆದರೆ ಅದೇ ಬ್ಯಾಂಕಿನಲ್ಲಿ ನಿಮಗೆ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ.