ಇಂಟರ್ನ್‌ಗಳಿಗೆ ಎರಡು ನಿಮಿಷದ ಸ್ವಾಗತ

ಇಂಟರ್ನ್‌ಗಳು ಸೇರುವ ದಿನ ಸ್ವಾಗತ ಭಾಷಣ ಎಂದರೆ ಹೆಚ್ಚಿನ ಕಡೆ ಕಂಪನಿಯ ಚರಿತ್ರೆಯೇ. ಯಾವಾಗ ಶುರುವಾಯಿತು, ಎಷ್ಟು ಶಾಖೆ, ಯಾವ ಪ್ರಶಸ್ತಿ. ಎದುರಿಗೆ ಕೂತವರ ತಲೆಯಲ್ಲಿ ಓಡುವುದೇ ಬೇರೆ. ಎಲ್ಲಿ ಕೂರಬೇಕು? ಊಟಕ್ಕೆ ಯಾರ ಜೊತೆ ಹೋಗೋದು? ಪುತ್ತೂರಿನ ಬಸ್ಸಿಗೆ ಸ್ವಲ್ಪ ಬೇಗ ಹೊರಡಬಹುದಾ? ಎಚ್‌ಆರ್‌ ಕೆಲಸದಲ್ಲಿರುವ ನಾನು ಭಾಷಣ ಬರೆಯುವುದು ಈ ಪ್ರಶ್ನೆಗಳಿಂದಲೇ.

ಮಂಗಳೂರಿನ ಒಂದು ಸಾಫ್ಟ್‌ವೇರ್ ಆಫೀಸಿಗೆ ಹೊಂದುವ ಮಾದರಿ ಇದು:

“ಎಲ್ಲರಿಗೂ ನಮಸ್ಕಾರ. ಮಾತೆರೆಗ್ಲಾ ಸೊಲ್ಮೆಲು. ಬನ್ನಿ, ಆರಾಮಾಗಿ ಕೂತ್ಕೊಳ್ಳಿ. ಕೆಲವರು ಉಡುಪಿಯಿಂದ ಬೆಳಿಗ್ಗೆ ಬೇಗ ಹೊರಟು ಬಂದಿದ್ದೀರಿ. ಕೆಲವರಿಗೆ ಮಂಗಳೂರೇ ಹೊಸತು. ಇವತ್ತು ನಿಮಗೆ ಕೆಲಸ ಕೊಡುವುದಿಲ್ಲ. ಲ್ಯಾಪ್‌ಟಾಪ್ ತಗೊಳ್ಳಿ, ಲಾಗಿನ್ ಆಗ್ತದಾ ನೋಡಿ, ನಿಮ್ಮ ಟೀಮಿನವರನ್ನು ಮಾತಾಡಿಸಿ. ನಿಮಗೆ ಒಬ್ಬೊಬ್ಬರು ಮೆಂಟರ್ ಇದ್ದಾರೆ. ಹೆಸರು ಕರೀತೇನೆ, ಅವರು ಕೈ ಎತ್ತುತ್ತಾರೆ. ಒಂದು ಗಂಟೆಗೆ ಅವರ ಜೊತೆಗೇ ಊಟ. ಸ್ಟೈಪೆಂಡ್, ರಜೆ, ಬಸ್ಸಿನ ಸಮಯ, ಇದೆಲ್ಲ ನನ್ನನ್ನು ಕೇಳಿ. ಕೆಲಸದಲ್ಲಿ ಅರ್ಧ ಗಂಟೆ ಒದ್ದಾಡಿಯೂ ಗೊತ್ತಾಗಲಿಲ್ಲವಾ, ಮೆಂಟರನ್ನು ಕೇಳಿ. ನೀವು ಬಂದದ್ದು ನಮಗೆ ಖುಷಿ. ಈಗ ಚಹಾ ಕುಡಿಯೋಣ.”

ನಿಧಾನವಾಗಿ, ನಡುವೆ ಮೆಂಟರ್‌ಗಳ ಪರಿಚಯ ಮಾಡಿಸುತ್ತ ಹೇಳಿದರೆ ಇದು ಸುಮಾರು ಎರಡು ನಿಮಿಷ. ‘ಅರ್ಧ ಗಂಟೆ’ ಎಂದದ್ದು ಬೇಕೆಂದೇ. “ಡೌಟಿದ್ದರೆ ಯಾವಾಗ ಬೇಕಾದರೂ ಕೇಳಿ” ಅಂದರೆ ಸಾಯಂಕಾಲದವರೆಗೂ ಸುಮ್ನೆ ಕೂರುವವರೇ ಜಾಸ್ತಿ. ಕೇಳಿದರೆ ದಡ್ಡರು ಅಂದ್ಕೊಂಡಾರು ಎಂಬ ಹೆದರಿಕೆ. ಹೊತ್ತು ಗೊತ್ತುಮಾಡಿ ಕೊಟ್ಟರೆ ಕೇಳುವುದೂ ಕೆಲಸದ ಭಾಗವೇ ಆಗುತ್ತದೆ.

ತುಳು ಒಂದು ಸಾಲು ಸಾಕು. ಇಡೀ ಭಾಷಣ ತುಳುವಿನಲ್ಲೇ ಸಾಗಿದರೆ ಹಾಸನ, ಹುಬ್ಬಳ್ಳಿ ಕಡೆಯವರು ಮೊದಲ ದಿನವೇ ಹೊರಗಿನವರಾಗುತ್ತಾರೆ. ಕನ್ನಡ ಬಾರದವರಿದ್ದರೆ ಮುಖ್ಯ ವಿಷಯಗಳನ್ನು ಇಂಗ್ಲಿಷಿನಲ್ಲೂ ಹೇಳಬೇಕಾಗುತ್ತದೆ.

ಬರೆದಾದ ಮೇಲೆ ಎದ್ದು ನಿಂತು ಗಟ್ಟಿಯಾಗಿ ಓದಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ಕೊನೆಗೆ. “ಇಂದು ನಮ್ಮ ಸಂಸ್ಥೆಗೆ ಸೇರ್ಪಡೆಗೊಳ್ಳುತ್ತಿರುವ ತಮ್ಮೆಲ್ಲರಿಗೂ ಹೃತ್ಪೂರ್ವಕ ಸ್ವಾಗತವನ್ನು ಕೋರಲು...” ಎಂದು ಎಳೆದರೆ ವಾಕ್ಯ ಮುಗಿಯುವ ಮೊದಲೇ ನಿಮ್ಮ ಉಸಿರು ಮುಗಿಯುತ್ತದೆ. ಎಲ್ಲಿ ಉಸಿರು ಕಟ್ಟಿತೋ ಅಲ್ಲೇ ವಾಕ್ಯ ತುಂಡು ಮಾಡಿ.

“ನಾವೆಲ್ಲ ಒಂದೇ ಕುಟುಂಬ” ಎಂಬ ಮಾತು ನಾನು ಬಿಟ್ಟಿದ್ದೇನೆ. ಕೆಲವೇ ತಿಂಗಳಿಗೆ ಬಂದವರಿಗೆ ಅದು ಯಾಕೋ ನಾಟಕದಂತೆ ಕೇಳಿಸುತ್ತದೆ, ಅಲ್ವಾ? ಇಂಟರ್ನ್‌ಶಿಪ್ ಮುಗಿದ ಮೇಲೆ ಕೆಲಸ ಸಿಗುತ್ತದೆ ಎಂಬ ಸುಳಿವನ್ನೂ ಕೊಡಬೇಡಿ. ತೀರ್ಮಾನ ಆಗದಿದ್ದರೆ ಅದು ಬಾಯಿತಪ್ಪಿಯೂ ಬರಬಾರದು. ಸಂಜೆಯೊಳಗೆ ಆ ಮಾತು ಅವರ ಮನೆಯವರ ಕಿವಿಗೆ ಬಿದ್ದಿರುತ್ತದೆ.