ಆಸೆ ಬೇರೆ, ಊಹೆ ಬೇರೆ

ಶಾಲೆ ಶುರುವಾದ ಎರಡನೇ ವಾರ ನಮ್ಮ ತರಗತಿಯಲ್ಲಿ ಟೈಮ್ ಕ್ಯಾಪ್ಸೂಲ್ ತಯಾರಾಗುತ್ತದೆ, ಅಂದರೆ ಈಗ ಮುಚ್ಚಿಟ್ಟು ವರ್ಷದ ಕೊನೆಗೆ ತೆಗೆಯುವ ಡಬ್ಬಿ. ಹನ್ನೆರಡು ವರ್ಷದ ಮಕ್ಕಳಿಗೆ ಹಾಳೆ ಕೊಟ್ಟು, "ವರ್ಷದ ಕೊನೆಗೆ ಏನಾಗಿರುತ್ತೆ, ಊಹಿಸಿ ಬರೀರಿ" ಅನ್ನುತ್ತೇನೆ. ಬರುವುದು ಹೀಗೆ: "ಚೆನ್ನಾಗಿ ಓದುತ್ತೇನೆ." "ದೊಡ್ಡವಳಾದ ಮೇಲೆ ಪೈಲಟ್ ಆಗುತ್ತೇನೆ." ಇದನ್ನು ನೋಡಿ ಎಷ್ಟೋ ಟೀಚರ್‌ಗಳು ಖುಷಿಯಿಂದ ಡಬ್ಬಿಗೆ ಹಾಕಿಬಿಡುತ್ತಾರೆ. ಅಪ್ಪ ಅಮ್ಮಂದಿರಂತೂ ಪಕ್ಕದಲ್ಲಿ ಕೂತು ಇಂಥವೇ ಬರೆಸಿ ಕಳಿಸುತ್ತಾರೆ. ನನಗೆ ತಾಳ್ಮೆ ಕೆಡುವುದು ಇಲ್ಲೇ. ಇವು ಆಸೆಗಳು, ಊಹೆಗಳಲ್ಲ. ಹತ್ತು ತಿಂಗಳ ನಂತರ ಡಬ್ಬಿ ತೆಗೆದಾಗ "ಚೆನ್ನಾಗಿ ಓದುತ್ತೇನೆ" ಸರಿಯಾಯಿತೋ ತಪ್ಪಾಯಿತೋ ಹೇಳುವವರು ಯಾರು? ಮಗು ಓದುತ್ತದೆ, ನಗುತ್ತದೆ, ಮಡಚಿ ಇಡುತ್ತದೆ. ಅಷ್ಟೇ.

ಒಂದು ವರ್ಷ ಒಬ್ಬ ಹುಡುಗ "ನಾನು ಎತ್ತರ ಆಗ್ತೀನಿ" ಅಂತ ಬರೆದ. ಎಷ್ಟು ಅಂದೆ. "ಜಾಸ್ತಿ" ಅಂದ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಗುರುತು ಹಾಕಿದೆವು. 146.5 ಸೆಂ.ಮೀ. ಅಷ್ಟೇ ಉದ್ದಕ್ಕೆ ಹತ್ತಿಯ ದಾರ ಕತ್ತರಿಸಿ ಅವನ ಲಕೋಟೆಗೆ ಹಾಕಿದೆವು. ಉಲ್ಲನ್ ದಾರ ಬೇಡ, ಎಳೆದರೆ ಹಿಗ್ಗುತ್ತದೆ. ಬೆಳಿಗ್ಗೆ ಅಳೆದರೆ ಕೊನೆಗೂ ಬೆಳಿಗ್ಗೆಯೇ ಅಳೆಯಬೇಕು. ಸಂಜೆಯ ಹೊತ್ತಿಗೆ ಬೆನ್ನುಮೂಳೆ ಸ್ವಲ್ಪ ಕುಗ್ಗಿ, ಎತ್ತರ ಹೆಚ್ಚುಕಡಿಮೆ ಒಂದು ಸೆಂ.ಮೀ. ಇಳಿದಿರುತ್ತದೆ.

ಆಮೇಲೆ ಅವನು ಹೊಸದಾಗಿ ಬರೆದ: "ಡಬ್ಬಿ ತೆಗೆಯುವ ದಿನ ನನ್ನ ಎತ್ತರ 149 ಸೆಂ.ಮೀ. ಇರುತ್ತೆ. 10ಕ್ಕೆ 9ರಷ್ಟು ನಂಬಿಕೆ." ನಾನು ಕೇಳುವುದು ಇಷ್ಟೇ: ಯಾವ ದಿನ, ಎಷ್ಟು, ಎಷ್ಟು ನಂಬಿಕೆ. ಈ ಮೂರೂ ಇದ್ದರೆ ಅದು ಊಹೆ. "ಲೈಬ್ರರಿಯಿಂದ ತುಂಬಾ ಪುಸ್ತಕ ಓದ್ತೀನಿ" ಅನ್ನುವ ಹುಡುಗಿಯೂ ಎಷ್ಟು ಪುಸ್ತಕ ಅಂತ ಬರೆದ ಕೂಡಲೇ ಬೆರಳು ಮಡಚಿ ತಿಂಗಳು ಎಣಿಸಲು ಶುರು ಮಾಡುತ್ತಾಳೆ.

ಅಮೆರಿಕದ ಟಲ್ಸಾ ಊರಿನಲ್ಲಿ 1957ರಲ್ಲಿ ಒಂದು ಹೊಸ ಪ್ಲಿಮತ್ ಕಾರನ್ನೇ ಕಾಂಕ್ರೀಟ್ ಗುಂಡಿಯಲ್ಲಿ ಹೂತರು. 2007ರಲ್ಲಿ ಈ ಊರಿನ ಜನಸಂಖ್ಯೆ ಎಷ್ಟಿರುತ್ತೆ ಅಂತ ಹತ್ತಿರದ ಊಹೆ ಹೇಳಿದವರಿಗೆ ಆ ಕಾರು. ಐವತ್ತು ವರ್ಷದ ನಂತರ ತೆಗೆದರೆ ಗುಂಡಿಗೆ ನೀರು ನುಗ್ಗಿ ಕಾರು ಪೂರ್ತಿ ತುಕ್ಕು ಹಿಡಿದಿತ್ತು. ಗೆದ್ದವರು ಆಗಲೇ ತೀರಿಕೊಂಡಿದ್ದರು. ಆದರೂ ಗೆದ್ದವರು ಯಾರು ಅಂತ ಹೇಳಲು ಆಯಿತು, ಯಾಕೆಂದರೆ ಬರೆದದ್ದು ಸಂಖ್ಯೆ. ಅಂದಹಾಗೆ, ನಿಮ್ಮ ಡಬ್ಬಿಯನ್ನೂ ಹೂಳಬೇಡಿ. ಬೀರುವಿನ ಮೇಲೆ ಸಾಕು. ಬ್ಯಾಟರಿ, ರಬ್ಬರ್ ಬ್ಯಾಂಡ್, ತಿಂಡಿ ಬೇಡ. ಪೆನ್ಸಿಲ್‌ನಲ್ಲೇ ಬರೆಸಿ, ತೇವ ತಾಗಿದರೂ ಹರಡುವುದಿಲ್ಲ. ಅಂಗಡಿ ಬಿಲ್ ಹಾಕುವುದಾದರೆ ಜೆರಾಕ್ಸ್ ಮಾಡಿಸಿ, ಆ ನುಣುಪು ಕಾಗದದ ಅಕ್ಷರ ಮಾಸಿಹೋಗುತ್ತದೆ.

ಇನ್ನು ತೆಗೆಯುವ ದಿನ. ಎಲ್ಲರೂ ನೇರವಾಗಿ ಲಕೋಟೆ ಹರಿದುಬಿಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಈಗಿನ ಎತ್ತರ ಅಳೆಯಿರಿ. ಆಮೇಲೆ "ಅವತ್ತು ಏನು ಬರೆದಿದ್ದೆ?" ಅಂತ ನೆನಪಿನಿಂದ ಬೇರೆ ಚೀಟಿಯಲ್ಲಿ ಬರೆಸಿ. ಲಕೋಟೆ ಕೊನೆಗೆ. ನಮ್ಮ ಹುಡುಗ 152 ಆಗಿದ್ದ. ನೆನಪಿನ ಚೀಟಿಯಲ್ಲಿ "151 ಅಂತ ಬರೆದಿದ್ದೆ" ಅಂದ. ಲಕೋಟೆಯಲ್ಲಿ ಇದ್ದದ್ದು 149. "ಇದು ನಾನೇ ಬರೆದಿದ್ದಾ ಸರ್?" ಅಂತ ತನ್ನದೇ ಅಕ್ಷರವನ್ನು ಎರಡು ಸಲ ನೋಡಿದ. ದಾರ ಹಿಡಿದು ನಿಲ್ಲಿಸಿದರೆ ಅದು ಅವನ ಹಣೆಯ ಮಧ್ಯಕ್ಕೆ ನಿಂತಿತು.

ಅವನು ಸುಳ್ಳು ಹೇಳಿದ್ದಲ್ಲ. ಫಲಿತಾಂಶ ಗೊತ್ತಾದ ಮೇಲೆ ನೆನಪು ಅದರ ಕಡೆಗೇ ವಾಲುತ್ತದೆ. ಬರೂಕ್ ಫಿಶ್‌ಹಾಫ್ ಎಂಬ ಮನಶ್ಶಾಸ್ತ್ರಜ್ಞ 1975ರಲ್ಲೇ ಇದನ್ನು ದೊಡ್ಡವರಲ್ಲಿ ತೋರಿಸಿದ್ದರು. ಪ್ರತಿ ಮಗುವಿಗೂ ಹೀಗೆ ಆಗೇ ಆಗುತ್ತೆ ಅಂತ ನಾನು ಹೇಳಲಾರೆ. ಕೆಲವರಿಗೆ ಬರೆದ ಸಂಖ್ಯೆ ಸರಿಯಾಗಿ ನೆನಪಿರುತ್ತದೆ. ಆದರೆ ಆ ಚೀಟಿ ಬರೆಸದಿದ್ದರೆ "ನಂಗೆ ಮೊದ್ಲೇ ಗೊತ್ತಿತ್ತು" ಅನ್ನುವುದೇ ಜಾಸ್ತಿ ಕೇಳುತ್ತದೆ.

ಒಂದು ಎಚ್ಚರಿಕೆ. ಎತ್ತರ ಎಲ್ಲರಿಗೂ ಖುಷಿಯ ವಿಷಯ ಅಲ್ಲ, ತೂಕವಂತೂ ಬೇಡವೇ ಬೇಡ. ಏನನ್ನು ಊಹಿಸಬೇಕು ಅನ್ನುವುದನ್ನು ಮಗುವೇ ಆರಿಸಲಿ. ನಾನು ಮೊದಮೊದಲು ಎಲ್ಲರ ಹಾಳೆಯನ್ನೂ ಗಟ್ಟಿಯಾಗಿ ಓದಿಸುತ್ತಿದ್ದೆ. ಒಬ್ಬ ಹುಡುಗಿ ತನ್ನ ಆಪ್ತ ಗೆಳತಿಯ ಹೆಸರು ಬರೆದು "10ಕ್ಕೆ 10" ಅಂದಿದ್ದಳು. ತೆಗೆಯುವ ದಿನದ ಹೊತ್ತಿಗೆ ಇಬ್ಬರಿಗೂ ಮಾತಿರಲಿಲ್ಲ. ಹೆಸರಿನ ಹತ್ತಿರ ಬಂದು ಅವಳ ದನಿ ನಿಂತುಹೋಯಿತು, ಇಡೀ ತರಗತಿ ನೋಡುತ್ತಿತ್ತು. ಅಲ್ಲಿಂದೀಚೆಗೆ ಲಕೋಟೆಯನ್ನು ಅಂಟಿಸಿ, ಅಂಟಿನ ಮೇಲೆ ಮಗುವಿನ ಸಹಿ ಹಾಕಿಸುತ್ತೇನೆ. ತೆಗೆಯುವುದು ಅವರೇ, ಓದಿ ಹೇಳುವುದೂ ಬಿಡುವುದೂ ಅವರಿಷ್ಟ.