ರಿಂಗ್ ವ್ಯಾಕ್ಸಿನೇಷನ್: ಬೇನೆ ಬಂದ ಊರಿಗೆ ಲಸಿಕೆ ಕೊನೆಗೇಕೆ?

ಕಾಲುಬಾಯಿ ಜ್ವರ ಕಾಣಿಸಿಕೊಂಡ ಊರಿನಲ್ಲಿ ಪಶುವೈದ್ಯರು ಹೆಚ್ಚಾಗಿ ಬೈಸಿಕೊಳ್ಳುವುದು ಒಂದೇ ವಿಷಯಕ್ಕೆ. "ಬೇನೆ ಬಂದಿರೋದು ನಮ್ಮ ದನಕ್ಕೆ. ನೀವು ನೋಡಿದ್ರೆ ಪಕ್ಕದೂರಿಗೆ ಹೋಗಿ ಸೂಜಿ ಹಾಕ್ತಾ ಇದೀರಲ್ಲ ಡಾಕ್ಟ್ರೇ?" ಕೇಳುವವರ ಸಿಟ್ಟು ನ್ಯಾಯವಾದದ್ದೇ. ಆದರೆ ವೈದ್ಯರು ಮಾಡುತ್ತಿರುವುದೂ ಸರಿ. ಆ ಕೆಲಸಕ್ಕೆ ಇಲಾಖೆಯಲ್ಲಿ ರಿಂಗ್ ವ್ಯಾಕ್ಸಿನೇಷನ್ ಎನ್ನುತ್ತಾರೆ. ಕನ್ನಡದಲ್ಲಿ 'ಸುತ್ತು ಲಸಿಕೆ' ಎಂದರೆ ಅರ್ಥ ಇನ್ನೂ ಚೆನ್ನಾಗಿ ಆಗುತ್ತದೆ. ಬೆಂಕಿ ಬಿದ್ದ ಬಣವೆಯನ್ನು ಉಳಿಸುವುದಕ್ಕಿಂತ ಮೊದಲು ಅಕ್ಕಪಕ್ಕದ ಬಣವೆಗಳಿಗೆ ನೀರು ಹೊಡೆಯುತ್ತೇವಲ್ಲ, ಅದೇ ಲೆಕ್ಕ.

ಒಂದು ಉದಾಹರಣೆ ನೋಡೋಣ. ಅರಸೀಕೆರೆ ತಾಲ್ಲೂಕಿನ ಒಂದು ಊರು ಎಂದುಕೊಳ್ಳಿ. ಒಬ್ಬರು ಸೋಮವಾರ ಸಂತೆಯಿಂದ ಒಂದು ಎಚ್ಎಫ್ ಹಸು ಹಿಡಿದು ತಂದರು. ನೋಡಲು ಚೆನ್ನಾಗೇ ಇತ್ತು, ಹಾಲೂ ಕೊಟ್ಟಿತು. ಶನಿವಾರ ಬೆಳಿಗ್ಗೆ ಹಸು ಬಾಯಿ ಚಪ್ಪರಿಸತೊಡಗಿತು, ಜೊಲ್ಲು ದಾರದಂತೆ ಇಳಿಯಿತು, ಮೇವು ಮೂಸಿ ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಕಾಲು ಝಾಡಿಸುತ್ತ ಕುಂಟಿತು. ನಾಲಿಗೆ, ವಸಡು ಮತ್ತು ಗೊರಸಿನ ಸಂದಿನಲ್ಲಿ ಬೊಬ್ಬೆ ಎದ್ದಿದ್ದವು. ಮನೆಯವರ ಲೆಕ್ಕದಲ್ಲಿ ಬೇನೆ ಶನಿವಾರ ಬಂತು. ವೈರಾಣುವಿನ ಲೆಕ್ಕ ಬೇರೆ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಹಿಡಿಯುತ್ತದೆ. ಬೊಬ್ಬೆ ಏಳುವ ಮೊದಲೇ ವೈರಾಣು ಹಾಲಿನಲ್ಲಿ ಇಳಿಯುತ್ತಿರುತ್ತದೆ. ಅಂದರೆ ಗುರುವಾರ, ಶುಕ್ರವಾರ ಡೈರಿಗೆ ಹಾಕಿದ ಹಾಲಿನ ಜತೆಗೇ ರೋಗವೂ ಕೊಟ್ಟಿಗೆಯಿಂದ ಹೊರಬಿದ್ದಿರಬಹುದು. ಕ್ಯಾನು, ಚಪ್ಪಲಿ, ಹಾಲು ಕರೆದ ಕೈ, ಕೆರೆ ದಂಡೆಯ ನೀರು ಎಲ್ಲವೂ ಅದಕ್ಕೆ ದಾರಿ.

ಇನ್ನು ಲಸಿಕೆಯ ಲೆಕ್ಕ. ಇಂದು ಸೂಜಿ ಹಾಕಿದರೆ ದನದ ಮೈಯಲ್ಲಿ ರಕ್ಷಣೆ ಹುಟ್ಟಲು ಹೆಚ್ಚುಕಡಿಮೆ ಒಂದರಿಂದ ಎರಡು ವಾರ ಬೇಕು. ಬೇನೆ ಬಂದ ಬೀದಿಯ ದನಗಳಿಗೆ ಅಷ್ಟು ಸಮಯವಿಲ್ಲ. ಅವುಗಳಲ್ಲಿ ಎಷ್ಟೋ ದನಗಳ ಮೈಯೊಳಗೆ ಶನಿವಾರವೇ ವೈರಾಣು ಇರುತ್ತದೆ. ಅಲ್ಲಿ ಭಾನುವಾರ ಲಸಿಕೆ ಹಾಕಿದರೆ ಬುಧವಾರ ಬೊಬ್ಬೆ ಏಳುತ್ತದೆ. ಆಮೇಲೆ ಊರೆಲ್ಲ "ಸೂಜಿ ಹಾಕಿದ್ದಕ್ಕೇ ಬೇನೆ ಬಂತು" ಎಂದು ಮಾತಾಗುತ್ತದೆ. ನಮ್ಮಲ್ಲಿ ಹಾಕುವ ಕಾಲುಬಾಯಿ ಲಸಿಕೆಯಲ್ಲಿರುವುದು ಕೊಂದ ವೈರಾಣು. ಅದರಿಂದ ರೋಗ ಬರುವುದು ಸಾಧ್ಯವಿಲ್ಲ. ಆದರೆ ಈ ಮಾತು ಒಮ್ಮೆ ಹಬ್ಬಿತೆಂದರೆ ಮುಂದಿನ ಸುತ್ತಿನಲ್ಲಿ ಅರ್ಧ ಊರು ದನ ಹೊರಗೆ ಕಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ರೋಗಕ್ಕಿಂತ ಈ ಮಾತೇ ಹೆಚ್ಚು ನಷ್ಟ ಮಾಡುತ್ತದೆ.

ಹಾಗಾಗಿ ಕೆಲಸ ಹೊರಗಿನಿಂದ ಶುರುವಾಗಬೇಕು. ರೋಗದ ಊರನ್ನು ನಡುವಿಟ್ಟು ಕೆಲವು ಕಿಲೋಮೀಟರ್ ದೂರದಲ್ಲಿ ಒಂದು ವೃತ್ತ ಎಳೆದು, ಅದರ ಅಂಚಿನ ಊರುಗಳಿಗೆ ಮೊದಲು ಲಸಿಕೆ ಹಾಕಿ, ದಿನದಿಂದ ದಿನಕ್ಕೆ ಒಳಮುಖವಾಗಿ ಬರಬೇಕು. ಬೇನೆಯ ಊರಿನ ಆರೋಗ್ಯವಂತ ದನಗಳ ಸರದಿ ಕೊನೆಗೆ. ಜೊಲ್ಲು ಸುರಿಸುತ್ತಿರುವ ದನಕ್ಕೆ ಸೂಜಿಯೇ ಇಲ್ಲ, ಶುಶ್ರೂಷೆ ಮಾತ್ರ. ಈ ದಿಕ್ಕಿಗೆ ಇನ್ನೊಂದು ಕಾರಣವೂ ಇದೆ. ಲಸಿಕೆ ಹಾಕುವವರೇ ರೋಗ ಹೊತ್ತೊಯ್ಯಬಲ್ಲರು. ಬೆಳಿಗ್ಗೆ ಬೇನೆಯ ಕೊಟ್ಟಿಗೆ ಹೊಕ್ಕು ಮಧ್ಯಾಹ್ನ ಅದೇ ಗಮ್‌ಬೂಟಿನಲ್ಲಿ ಪಕ್ಕದೂರಿಗೆ ಹೋದರೆ ಕಟ್ಟಬೇಕಾದ ಬೇಲಿಯನ್ನು ಅವರೇ ಮುರಿದಂತೆ. ಒಂದು ದನಕ್ಕೆ ಒಂದು ಸೂಜಿ ಎಂಬ ನಿಯಮವೂ ಇದಕ್ಕಾಗಿಯೇ. ನಿಮ್ಮ ಮನೆ ಮುಂದೆ ಒಂದೇ ಸೂಜಿಯಲ್ಲಿ ನಾಲ್ಕು ದನ ಮುಗಿಸಿದರೆ ಕೇಳಿ. ಕೇಳುವುದು ತಪ್ಪಲ್ಲ.

ಸುತ್ತಿನೊಳಗೆ ಉಳಿದವರಿಗೂ ಕೆಲಸವಿದೆ. ಬೇನೆಯ ದನವನ್ನು ಕೊಟ್ಟಿಗೆಯಲ್ಲೇ ಪ್ರತ್ಯೇಕ ಕಟ್ಟಿ, ಅದರ ಹಾಲನ್ನು ಕೊನೆಗೆ ಕರೆಯಬೇಕು. ಆ ಹಾಲನ್ನು ಕಾಯಿಸದೆ ಕರುವಿಗೆ ಬಿಡಬಾರದು. ರೋಗ ತಗುಲಿದ ಎಳೆಗರುಗಳು ಬಾಯಲ್ಲಿ ಒಂದು ಬೊಬ್ಬೆಯೂ ಕಾಣದೆ, ಹೃದಯಕ್ಕೆ ಪೆಟ್ಟು ಬಿದ್ದು ನಿಂತಲ್ಲೇ ಬಿದ್ದು ಸಾಯುವುದುಂಟು. ಕೊಟ್ಟಿಗೆ ನೆಲಕ್ಕೆ ಬೇಕಾದದ್ದು ದುಬಾರಿ ಔಷಧವಲ್ಲ, ವಾಷಿಂಗ್ ಸೋಡ. ಹತ್ತು ಲೀಟರ್ ನೀರಿಗೆ 400 ಗ್ರಾಂ ಕರಗಿಸಿ, ಸಗಣಿ ಬಾಚಿದ ಮೇಲೆ ಸುರಿಯಬೇಕು. ಈ ವೈರಾಣು ಹುಳಿಯನ್ನೂ ತಡೆಯದು, ಕ್ಷಾರವನ್ನೂ ತಡೆಯದು. ಆದರೆ ಸಗಣಿಯ ಅಡಿಯಲ್ಲಿ ಸುಖವಾಗಿ ಅಡಗಿರುತ್ತದೆ, ಅದಕ್ಕೇ ಬಾಚುವುದು ಮೊದಲು.

ಇಷ್ಟೆಲ್ಲ ಮಾಡಿಯೂ ಬೇಲಿ ಸೋಲುವುದು ಲಾರಿಯ ಮುಂದೆ. ಬೊಬ್ಬೆ ಎದ್ದ ಸುದ್ದಿ ಸಿಕ್ಕ ಕೂಡಲೇ, ಇನ್ನೂ ಚೆನ್ನಾಗಿರುವ ದನವನ್ನು ಬೆಲೆ ಬೀಳುವ ಮುಂಚೆ ಮಾರಿಬಿಡೋಣ ಎಂದು ಯಾರಾದರೊಬ್ಬರು ಸಂತೆಗೆ ಅಟ್ಟುತ್ತಾರೆ. ಸುತ್ತು ಎಷ್ಟು ಬಿಗಿಯಾಗಿದ್ದರೂ ಆ ದನ ಅದನ್ನು ಹಾರಿ ಐವತ್ತು ಕಿಲೋಮೀಟರ್ ಆಚೆ ಇಳಿಯುತ್ತದೆ. ಬೇನೆಯ ಕಾಲದಲ್ಲಿ ಸಂತೆ, ಜಾತ್ರೆಗಳಲ್ಲಿ ದನ ಕಟ್ಟುವುದನ್ನು ನಿಲ್ಲಿಸುವುದು ಇದಕ್ಕೇ. ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣಕ್ಕೆ 2009ರ ಕೇಂದ್ರ ಕಾಯ್ದೆಯೇ ಇದೆ. ಅದರ ಪ್ರಕಾರ ರೋಗದ ಅನುಮಾನ ಬಂದರೆ ಪಂಚಾಯಿತಿಗೆ ತಿಳಿಸುವುದು ದನದ ಒಡೆಯನ ಹೊಣೆ. ಮುಚ್ಚಿಟ್ಟ ಎರಡು ದಿನವೇ ಸುತ್ತು ಎಷ್ಟು ದೊಡ್ಡದಾಗಬೇಕು ಎನ್ನುವುದನ್ನು ನಿರ್ಧರಿಸುತ್ತದೆ.

ಹಾಗಂತ ಎಲ್ಲ ರೋಗಕ್ಕೂ ಸುತ್ತು ಕಟ್ಟುವ ಕಾಯಿದೆ ಇಲ್ಲ. ಚಪ್ಪೆರೋಗ ದನದಿಂದ ದನಕ್ಕೆ ಓಡುವುದಿಲ್ಲ, ಅದರ ಬೀಜಾಣು ಮಣ್ಣಿನಲ್ಲೇ ಕೂತಿರುತ್ತದೆ. ಅದಕ್ಕೂ ಗಳಲೆ ರೋಗಕ್ಕೂ ಮುಂಗಾರಿಗೆ ಮುಂಚೆ ವರ್ಷಕ್ಕೊಮ್ಮೆ ಹಾಕಿಸುವುದು ರೂಢಿ. ಕಂದುರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಗರುವಿಗೆ ಬಾಳಿನಲ್ಲಿ ಒಂದೇ ಸಲ.

ಹಳಬರು ಒಂದು ಪ್ರಶ್ನೆ ಕೇಳುತ್ತಾರೆ: ದೊಡ್ಡರೋಗ ಹೋಯಿತು, ಇದೇಕೆ ಹೋಗುತ್ತಿಲ್ಲ? ದೊಡ್ಡರೋಗ ಭೂಮಿಯ ಮೇಲಿಂದಲೇ ಅಳಿದಿದೆ ಎಂದು 2011ರಲ್ಲಿ ಘೋಷಣೆಯಾಯಿತು. ಅದರ ಲಸಿಕೆ ಒಮ್ಮೆ ಹಾಕಿದರೆ ಬಹುಕಾಲ ನಿಲ್ಲುತ್ತಿತ್ತು. ಕಾಲುಬಾಯಿ ಲಸಿಕೆಯ ಶಕ್ತಿ ಸುಮಾರು ಆರು ತಿಂಗಳಿಗೆ ಇಳಿಯುತ್ತದೆ. ನಮ್ಮಲ್ಲಿ ಓಡಾಡುವ ವೈರಾಣುವಿನಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಗಳಿವೆ. ಒಂದರ ವಿರುದ್ಧ ಬಂದ ಶಕ್ತಿ ಇನ್ನೊಂದಕ್ಕೆ ನಡೆಯದು, ಆದ್ದರಿಂದ ಲಸಿಕೆಯಲ್ಲಿ ಮೂರನ್ನೂ ಸೇರಿಸಿರುತ್ತಾರೆ. ಮೇಲಾಗಿ ಗುಣವಾದ ದನದ ಗಂಟಲಿನಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯಬಲ್ಲದು. 2019ರಿಂದ ದೇಶವಿಡೀ ನಡೆಯುತ್ತಿರುವ ಲಸಿಕಾ ಕಾರ್ಯಕ್ರಮದಲ್ಲಿ ಆರು ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬರುವುದು ಈ ಕಾರಣಕ್ಕೆ. ಸುತ್ತು ಲಸಿಕೆಯೆಂಬುದು ಬೇನೆ ಬಂದ ಮೇಲಿನ ಬೇಲಿ ಮಾತ್ರ. ಊರಿನ ಬಹುಪಾಲು ದನಗಳಿಗೆ ಮೊದಲೇ ಲಸಿಕೆ ಆಗಿದ್ದರೆ ಅವುಗಳ ಮೈಯಲ್ಲಿನ ರಕ್ಷಣೆ ಬಲುಬೇಗ ಎಚ್ಚರಗೊಳ್ಳುತ್ತದೆ, ಬೇಲಿ ನಿಲ್ಲುತ್ತದೆ.

ಸುತ್ತಿನ ಗಡಿಬಿಡಿಯಲ್ಲಿ ಸದಾ ತಪ್ಪಿಹೋಗುವುದು ಕರುಗಳು. ನಾಲ್ಕು ತಿಂಗಳೊಳಗಿನ ಕರುವಿಗೆ ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆಯೇ ಲಸಿಕೆಗೆ ಅಡ್ಡ ಬರುತ್ತದೆಂದು ವಾಡಿಕೆಯ ಸುತ್ತುಗಳಲ್ಲಿ ಬಿಡುತ್ತಾರೆ. ಬಿಟ್ಟದ್ದು ಸರಿಯೇ, ಆದರೆ ಅದಕ್ಕೆ ನಾಲ್ಕು ತುಂಬಿದ ದಿನವನ್ನು ಯಾರೂ ನೆನಪಿಡುವುದಿಲ್ಲ. ಮೊದಲ ಸೂಜಿ ಹಾಕಿಸಿಕೊಂಡ ಕರುವಿಗೆ ಒಂದು ತಿಂಗಳಿಗೆ ಬೂಸ್ಟರ್ ಬೇಕು, ಅದಿಲ್ಲದೆ ಮೊದಲನೆಯದು ಅರೆಬರೆ. ಲಸಿಕೆ ಹಾಕುವವರು ಹೊರಟ ಮೇಲೆ ಡೈರಿಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಗೀಟು ಹಾಕಿ, ಪಕ್ಕದಲ್ಲಿ ಕರುವಿನ ಕಿವಿಯೋಲೆಯ ಕೊನೆಯ ನಾಲ್ಕಂಕಿ ಬರೆದಿಡಬಹುದು.